ಸುಳ್ಳು ಲೆಕ್ಕ ನಂಬಿ ವ್ಯಾಪಾರ ಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ನಡೆಯುತ್ತಿರುವ ವ್ಯಾಪಾರವನ್ನೇ ಕೊಳ್ಳುವವರು ಜಾಸ್ತಿ. ಹೋಂಸ್ಟೇ, ಮಸಾಲೆ ಅಂಗಡಿ, ಕಾಫಿಪುಡಿ ಮಿಲ್ಲು ಹೀಗೆ. ಸಹಿ ಆದ ಮೇಲೆ ಜಗಳ ಶುರುವಾದಾಗ ಮಡಿಕೇರಿಯಿಂದ ಗೋಣಿಕೊಪ್ಪದವರೆಗೆ ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಕುಶಾಲನಗರದ ಮಸಾಲೆ ಅಂಗಡಿಯ ಉದಾಹರಣೆ ಕೆಲವು ಕಡೆ ಬರುತ್ತದೆ. ಅದು ನಾನೇ ಕಟ್ಟಿದ್ದು, ಯಾರ ಕೇಸೂ ಅಲ್ಲ.

## ಮೊದಲು ತಿಳಿಯಬೇಕಾದದ್ದು

ಸಾರ್, ಅವರು ಹೇಳಿದ್ದೆಲ್ಲ ಸುಳ್ಳು ಅಂತ ಗೊತ್ತಾಯ್ತು. ಹಾಗಿದ್ರೆ ಕರಾರು ತಾನಾಗೇ ಬಿದ್ದು ಹೋಗಲ್ವಾ?

ಇಲ್ಲ. ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ಮೋಸದಿಂದ ಆದ ಕರಾರು ಸತ್ತ ಕರಾರಲ್ಲ. ಮೋಸಹೋದವರು ಬೇಡ ಎನ್ನುವ ತನಕ ಅದು ಜೀವಂತವಾಗಿಯೇ ಇರುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 19ನೇ ಸೆಕ್ಷನ್ ಮೋಸ ಮತ್ತು ತಪ್ಪು ನಿರೂಪಣೆಗೆ, 19ಎ ಸೆಕ್ಷನ್ ಅನುಚಿತ ಪ್ರಭಾವಕ್ಕೆ ಈ ಆಯ್ಕೆ ಕೊಡುತ್ತವೆ. ಆಯ್ಕೆ ಇರುವುದು ಮೋಸಹೋದವರಿಗೆ ಮಾತ್ರ. ಸುಳ್ಳು ಹೇಳಿದವರು ‘ನಾನೇ ಸುಳ್ಳು ಹೇಳಿದ್ದೆ, ಆದ್ದರಿಂದ ಕರಾರು ಬೇಡ’ ಎಂದು ಜಾರಿಕೊಳ್ಳುವ ಹಾಗಿಲ್ಲ.

ರದ್ದು ಮಾಡುವುದೊಂದೇ ದಾರಿ ಅಂತಲೂ ಇಲ್ಲ. ವ್ಯಾಪಾರ ಇಟ್ಟುಕೊಂಡೇ, ‘ನೀವು ಹೇಳಿದ್ದು ನಿಜವಾಗಿದ್ದರೆ ನಾನು ಯಾವ ಸ್ಥಿತಿಯಲ್ಲಿ ಇರುತ್ತಿದ್ದೆನೋ ಅಲ್ಲಿ ನನ್ನನ್ನು ನಿಲ್ಲಿಸಿ’ ಎಂದೂ ಅದೇ 19ನೇ ಸೆಕ್ಷನ್ ಅಡಿ ಕೇಳಬಹುದು. ಜಾಗ ಚೆನ್ನಾಗಿದೆ, ಕೊಟ್ಟ ಬೆಲೆ ಮಾತ್ರ ಜಾಸ್ತಿ ಆಯ್ತು ಅನ್ನುವವರಿಗೆ ಎಷ್ಟೋ ಸಲ ಇದೇ ಒಳ್ಳೆಯದು. ಆದರೆ ಎರಡು ದೋಣಿಯಲ್ಲೂ ಕಾಲಿಡಲು ಆಗುವುದಿಲ್ಲ. ಯಾವುದು ಬೇಕು ಎಂದು ಬೇಗ ತೀರ್ಮಾನಿಸಬೇಕು.

ಮೋಸ, ತಪ್ಪು ನಿರೂಪಣೆ ಅಂತ ಎರಡು ಹೆಸರು ಯಾಕೆ? ಎರಡೂ ಸುಳ್ಳೇ ಅಲ್ವಾ?

ಹೇಳಿದ ವಿಷಯ ಎರಡರಲ್ಲೂ ಸುಳ್ಳೇ. ವ್ಯತ್ಯಾಸ ಇರುವುದು ಹೇಳಿದವರ ಮನಸ್ಸಿನಲ್ಲಿ. ಸುಳ್ಳು ಎಂದು ಗೊತ್ತಿದ್ದೂ ನಂಬಿಸಲು ಹೇಳಿದರೆ ಅದು 17ನೇ ಸೆಕ್ಷನ್‌ನ ಮೋಸ. ನಿಜವೆಂದು ತಾನೂ ನಂಬಿ, ಆದರೆ ಹಾಗೆ ಖಚಿತವಾಗಿ ಹೇಳಲು ಕೈಯಲ್ಲಿ ಆಧಾರವಿಲ್ಲದೆ ಹೇಳಿದರೆ ಅದು 18ನೇ ಸೆಕ್ಷನ್‌ನ ತಪ್ಪು ನಿರೂಪಣೆ.

ನಮ್ಮ ಕಡೆಯ ಉದಾಹರಣೆ ನೋಡಿ. ಬೆಳೆಗಾರರೊಬ್ಬರು ರೊಬಸ್ಟಾ ಚೆರಿ ಮಾರುವಾಗ ‘ಓಟಿ 28 ಬರುತ್ತೆ’ ಎನ್ನುತ್ತಾರೆ. ಅಂದರೆ 50 ಕೆ.ಜಿ. ಚೀಲಕ್ಕೆ 28 ಕೆ.ಜಿ. ಶುದ್ಧ ಬೀಜ. ಈ ವರ್ಷ ಸ್ಯಾಂಪಲ್ ತೆಗೆಸದೆ, ಹೋದ ವರ್ಷದ ನೆನಪಿನಲ್ಲಿ ಹಾಗೆ ಹೇಳಿದರೆ ಅದು ತಪ್ಪು ನಿರೂಪಣೆ. ಸ್ಯಾಂಪಲ್ ತೆಗೆಸಿ, 25 ಎಂಬ ಚೀಟಿ ಜೇಬಿನಲ್ಲಿಟ್ಟುಕೊಂಡೇ 28 ಅಂದರೆ ಅದು ಮೋಸ. ಮಾತು ಒಂದೇ. ಆ ಚೀಟಿ ಎಲ್ಲವನ್ನೂ ಬದಲಿಸುತ್ತದೆ.

ಕರಾರು ರದ್ದು ಮಾಡಲು ಎರಡೂ ನಡೆಯುತ್ತವೆ. ಆದರೆ ‘ನೀವೇ ಪರೀಕ್ಷಿಸಬಹುದಿತ್ತು’ ಎಂದು ಎದುರಿನವರು ವಾದಿಸಿದಾಗ, ನಷ್ಟ ಪರಿಹಾರ ಕೇಳುವಾಗ, ಈ ವ್ಯತ್ಯಾಸದ ಮೇಲೇ ಕೇಸು ನಿಲ್ಲುತ್ತದೆ.

‘ಸೀಸನ್‌ನಲ್ಲಿ ದುಡ್ಡು ಸುರಿಯುತ್ತೆ’ ಅಂದಿದ್ರು. ಸುರಿಯಲಿಲ್ಲ. ಇದು ಮೋಸ ತಾನೇ?

ಇದರ ಮೇಲೆ ಮಾತ್ರ ನಿಂತರೆ ಸೋಲುತ್ತೀರಿ. ‘ಮಡಿಕೇರಿಯಲ್ಲೇ ಬೆಸ್ಟ್ ವ್ಯೂ’, ‘ಕಣ್ಣು ಮುಚ್ಚಿ ತಗೊಳ್ಳಿ’ ಇವೆಲ್ಲ ಮಾರುವವರ ಬಾಯಿಮಾತು. ಕೋರ್ಟಿಗೆ ಬೇಕಾಗಿರುವುದು ನಡೆದ ಸಂಗತಿಯ ಬಗ್ಗೆ ಹೇಳಿದ ಮಾತು. ‘ಹೋದ ಡಿಸೆಂಬರ್‌ನಲ್ಲಿ 11 ಲಕ್ಷ ವ್ಯಾಪಾರ ಆಯ್ತು’ ಅನ್ನುವುದು ಅಂಥ ಮಾತು. ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಬರುತ್ತದೆ.

ಮುಂದಿನದರ ಬಗ್ಗೆ ಕೊಟ್ಟ ಮಾತೂ ಒಂದು ಸಂದರ್ಭದಲ್ಲಿ ಮೋಸವೇ: ಕೊಡುವಾಗಲೇ ಅದನ್ನು ನಡೆಸುವ ಉದ್ದೇಶ ಇಲ್ಲದಿದ್ದರೆ. ‘ಇದೇ ರಸ್ತೆಯಲ್ಲಿ ನಾನು ಇನ್ನೊಂದು ಅಂಗಡಿ ತೆರೆಯಲ್ಲ’ ಎಂದು ಹೇಳಿದವರು ಅದೇ ವಾರ ಪಕ್ಕದ ಮಳಿಗೆಗೆ ಅಡ್ವಾನ್ಸ್ ಕೊಟ್ಟಿದ್ದರೆ, ಆ ರಸೀದಿಯ ತಾರೀಖೇ ನಿಮ್ಮ ಸಾಕ್ಷಿ.

ಇನ್ನೊಂದು ಮಾತು. ವ್ಯಾಪಾರ ಬಿದ್ದದ್ದಕ್ಕೆ ಬೇರೆ ಕಾರಣ ಇರಬಹುದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಪ್ರವಾಸಿಗರು ಕೊಡಗಿನ ಕಡೆ ತಲೆ ಹಾಕಲಿಲ್ಲ. ಅಂಥ ವರ್ಷದ ನಷ್ಟವನ್ನು ಮಾರಿದವರ ತಲೆಗೆ ಕಟ್ಟಲು ಬರುವುದಿಲ್ಲ.

ಅವರು ಸುಳ್ಳೇನೂ ಹೇಳಲಿಲ್ಲ. ಹೇಳಬೇಕಾದ್ದನ್ನು ಹೇಳದೆ ಸುಮ್ನಿದ್ರು ಅಷ್ಟೇ. ಅದಕ್ಕೆ ಏನೂ ಮಾಡೋಕಾಗಲ್ವಾ?

ಸುಮ್ಮನಿದ್ದದ್ದು ಸಾಮಾನ್ಯವಾಗಿ ಮೋಸವಲ್ಲ. ವ್ಯಾಪಾರದಲ್ಲಿ ಎದುರಿನವರ ಕೆಲಸವನ್ನು ನಾವು ಮಾಡಿಕೊಡಬೇಕಾಗಿಲ್ಲ ಎಂಬುದು ಕಾನೂನಿನ ನಿಲುವು. ಸಂಬಂಧವೇ ಹೇಳುವ ಹೊಣೆ ಹೊರಿಸುವಂತಿದ್ದರೆ, ಅಥವಾ ಮೌನವೇ ಮಾತಿಗೆ ಸಮವಾದರೆ, ಆಗ ಮಾತ್ರ ಅದು ಮೋಸ. ಎರಡನೆಯದಕ್ಕೆ ಕಾಯ್ದೆಯೇ ಉದಾಹರಣೆ ಕೊಡುತ್ತದೆ. ಕುದುರೆ ಕೊಳ್ಳುವವನು ‘ನೀನು ಇಲ್ಲ ಅನ್ನದಿದ್ದರೆ ಕುದುರೆ ಸರಿಯಾಗಿದೆ ಎಂದೇ ತಿಳಿಯುತ್ತೇನೆ’ ಎನ್ನುತ್ತಾನೆ. ಮಾರುವವನು ಬಾಯಿ ಬಿಡುವುದಿಲ್ಲ. ಆ ಮೌನ ಉತ್ತರವೇ.

ಇದನ್ನು ನೀವೂ ಬಳಸಬಹುದು. ಸಹಿಗೆ ಮುಂಚೆ ಒಂದು ವಾಟ್ಸಾಪ್ ಸಂದೇಶ ಸಾಕು: ‘ಕಟ್ಟಡದ ಮಾಲೀಕರಿಂದ ಖಾಲಿ ಮಾಡುವ ನೋಟಿಸ್ ಯಾವುದೂ ಬಂದಿಲ್ಲ ಎಂದು ತಿಳಿದು ಮುಂದುವರಿಯುತ್ತಿದ್ದೇನೆ. ಇದ್ದರೆ ಇವತ್ತೇ ತಿಳಿಸಿ.’ ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ ಅಂದರೆ ನಿಮ್ಮ ಕೈ ಗಟ್ಟಿಯಾಗುತ್ತದೆ.

ಅರ್ಧ ಸತ್ಯ ಮಾತ್ರ ಬೇರೆ ಲೆಕ್ಕ. ‘ಬಾಡಿಗೆ ಕರಾರು ಇನ್ನೂ ಮೂರು ವರ್ಷ ಇದೆ’ ಎಂದು ಹೇಳಿ, ಮಾಲೀಕರು ಈಗಾಗಲೇ ನೋಟಿಸ್ ಕೊಟ್ಟಿದ್ದನ್ನು ನುಂಗಿದರೆ ಅದು ಮೌನವಲ್ಲ, ಸುಳ್ಳು ಚಿತ್ರ.

## ಕೇಸು ನಿಲ್ಲುವುದು, ಬೀಳುವುದು ಇಲ್ಲಿ

ಲೆಕ್ಕ ಪುಸ್ತಕ ನೋಡ್ಕೊಳ್ಳಿ ಅಂತ ಅವರೇ ಹೇಳಿದ್ರು. ನಂಬಿಕೆ ಮೇಲೆ ನಾನು ನೋಡಲಿಲ್ಲ. ಈಗ ನಂದೇ ತಪ್ಪಾ?

ಬಹಳ ಕೇಸುಗಳು ಉಳಿಯುವುದೂ ಅಳಿಯುವುದೂ ಈ ಪ್ರಶ್ನೆಯ ಮೇಲೆ. 19ನೇ ಸೆಕ್ಷನ್‌ನಲ್ಲಿ ಒಂದು ವಿನಾಯಿತಿ ಇದೆ. ತಪ್ಪು ನಿರೂಪಣೆಯಿಂದ ಅಥವಾ ಮೋಸದ ಮೌನದಿಂದ ನೀವು ಒಪ್ಪಿದ್ದರೂ, ಸಾಮಾನ್ಯ ಎಚ್ಚರ ವಹಿಸಿದ್ದರೆ ನಿಜ ತಿಳಿಯುವ ದಾರಿ ನಿಮಗಿತ್ತು ಅಂದರೆ ಕರಾರು ರದ್ದು ಮಾಡಲು ಬರುವುದಿಲ್ಲ.

ಆ ಪಟ್ಟಿಯಲ್ಲಿ ಏನಿಲ್ಲ ಎಂದು ಗಮನಿಸಿ. ಬಾಯಿಬಿಟ್ಟು ಹೇಳಿದ, ಗೊತ್ತಿದ್ದೂ ಹೇಳಿದ ಸುಳ್ಳು ಅಲ್ಲಿಲ್ಲ. ಅಂದರೆ ನಕಲಿ ಲೆಕ್ಕದ ಶೀಟ್ ಮಾಡಿ ತೋರಿಸಿದವರು ‘ಜಿಎಸ್‌ಟಿ ರಿಟರ್ನ್ ನೋಡಬಹುದಿತ್ತಲ್ಲ’ ಎಂದು ತಪ್ಪಿಸಿಕೊಳ್ಳಲು ಈ ವಿನಾಯಿತಿ ಕೆಲಸಕ್ಕೆ ಬರುವುದಿಲ್ಲ. ಅದೇ, ಅಕೌಂಟೆಂಟ್ ಮಾಡಿದ ತಪ್ಪನ್ನು ತಾವೂ ನಂಬಿ ಹೇಳಿದವರು ಈ ವಿನಾಯಿತಿ ಹಿಡಿದು ಗೆಲ್ಲಬಹುದು. ಆದ್ದರಿಂದಲೇ ಮೋಸವೋ ತಪ್ಪು ನಿರೂಪಣೆಯೋ ಎಂಬ ಭೇದಕ್ಕೆ ಇಲ್ಲಿ ಅಷ್ಟು ಬೆಲೆ.

ಇಂಗ್ಲೆಂಡಿನ ಕಾನೂನು ಕೊಳ್ಳುವವರ ಕಡೆ ಇನ್ನೂ ಮೃದು. 1881ರ ರೆಡ್‌ಗ್ರೇವ್ ಮತ್ತು ಹರ್ಡ್ ಕೇಸಿನಲ್ಲಿ ಒಬ್ಬ ಸಾಲಿಸಿಟರ್ ತನ್ನ ವೃತ್ತಿಯ ಆದಾಯವನ್ನು ಹೆಚ್ಚಿಸಿ ಹೇಳಿದ್ದ. ಕಾಗದ ಮುಂದಿದ್ದರೂ ಕೊಳ್ಳುವವನು ಬಿಡಿಸಿ ನೋಡಲಿಲ್ಲ. ಆದರೂ ಅವನೇ ಗೆದ್ದ. ಆ ತೀರ್ಪನ್ನು ನಂಬಿ ಮಡಿಕೇರಿ ಕೋರ್ಟಿಗೆ ಬರಬೇಡಿ. ನಮ್ಮ ಕಾಯ್ದೆಯಲ್ಲಿ ವಿನಾಯಿತಿ ಬರೆದೇ ಇದೆ.

ನೋಡಿ, ನಿಜ ತಿಳಿದು ಕೊಂಡವರಿಗಂತೂ ದಾರಿಯೇ ಇಲ್ಲ. ಕಾಯ್ದೆಯ ಉದಾಹರಣೆಯಲ್ಲಿ ತನ್ನ ಕಾರ್ಖಾನೆ ವರ್ಷಕ್ಕೆ 500 ಮಣ ನೀಲಿ ಬಣ್ಣ ತಯಾರಿಸುತ್ತದೆ ಎಂದು ಮಾಲೀಕ ತಪ್ಪಾಗಿ ನಂಬಿಸುತ್ತಾನೆ. ಕೊಳ್ಳುವವನು ಲೆಕ್ಕ ನೋಡುತ್ತಾನೆ, 400 ಮಣ ಎಂದಿದೆ. ಆಮೇಲೂ ಕೊಳ್ಳುತ್ತಾನೆ. ಕರಾರು ರದ್ದಾಗುವುದಿಲ್ಲ. ಅವನು ಒಪ್ಪಿದ್ದು ಆ ಮಾತನ್ನು ನಂಬಿ ಅಲ್ಲ ತಾನೇ.

ತಿಂಗಳಿಗೆ 8 ಲಕ್ಷ ವ್ಯಾಪಾರ ಅಂದ್ರು, ನನಗೆ 4 ಲಕ್ಷವೂ ದಾಟ್ತಿಲ್ಲ. ಅವರು ಹೇಳಿದ್ದು ಸುಳ್ಳು ಅಂತ ಹೇಗೆ ತೋರಿಸೋದು?

ನಿಮ್ಮ ಗಳಿಕೆ ಕಡಿಮೆ ಎಂದು ತೋರಿಸಿದರೆ ಏನೂ ಸಾಬೀತಾಗುವುದಿಲ್ಲ. ‘ನಿಮಗೆ ನಡೆಸಲು ಬರಲಿಲ್ಲ’ ಎಂದುಬಿಡುತ್ತಾರೆ. ತೋರಿಸಬೇಕಾದದ್ದು ಅವರ ಕಾಲದ ವ್ಯಾಪಾರವನ್ನು.

ಕುಶಾಲನಗರದ ಆ ಮಸಾಲೆ ಅಂಗಡಿ ಮಾರ್ಚ್‌ನಲ್ಲಿ ಕೈ ಬದಲಾಯಿತು ಎಂದಿಟ್ಟುಕೊಳ್ಳಿ. ಮಾರಿದವರು ಹಿಂದಿನ 12 ತಿಂಗಳ ಶೀಟ್ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಸರಾಸರಿ ತಿಂಗಳಿಗೆ 8 ಲಕ್ಷ. ಜೂನ್‌ಗೆ 7.6 ಲಕ್ಷ, ಜುಲೈಗೆ 7.8 ಲಕ್ಷ. ಇಲ್ಲಿಯವರಿಗೆ ಇದೇ ಮೊದಲ ಗಂಟೆ ಬಾರಿಸಬೇಕಿತ್ತು. ಜಡಿಮಳೆಯಲ್ಲಿ ಕೊಡಗಿನ ಪ್ರವಾಸಿ ವ್ಯಾಪಾರ ಬಿದ್ದೇ ಬೀಳುತ್ತದೆ. ಮೇ ಮತ್ತು ಡಿಸೆಂಬರ್ ಏರಬೇಕು, ಜೂನ್‌ನಿಂದ ಆಗಸ್ಟ್‌ವರೆಗೆ ಇಳಿಯಬೇಕು. ವರ್ಷವಿಡೀ ಒಂದೇ ಮಟ್ಟದಲ್ಲಿರುವ ಲೆಕ್ಕ ಅಂಗಡಿಯಲ್ಲಿ ಹುಟ್ಟಿದ್ದಲ್ಲ, ಕಂಪ್ಯೂಟರ್ ಮುಂದೆ ಹುಟ್ಟಿದ್ದು.

ಎರಡನೆಯದು ಜಿಎಸ್‌ಟಿಆರ್-3ಬಿ ರಿಟರ್ನ್. ಅದೇ ಜೂನ್‌ಗೆ ಅದರಲ್ಲಿ 2.9 ಲಕ್ಷ ಎಂದಿದೆ. ಇದನ್ನು ತೋರಿಸಿದ ಕೂಡಲೇ ಮಾರಿದವರು ಹೇಳುವ ಮಾತು ಒಂದೇ: ‘ಅದು ತೆರಿಗೆಗೆ ತೋರಿಸಿದ್ದು. ಉಳಿದದ್ದು ಕ್ಯಾಶ್.’ ತೆರಿಗೆ ಕದ್ದೆ ಎಂದು ಒಪ್ಪಿಕೊಂಡೇ ತಪ್ಪಿಸಿಕೊಳ್ಳುವ ದಾರಿ ಇದು. ವಿಚಿತ್ರ ಅನಿಸಿದರೂ ಮಾಮೂಲಿ.

ಇದನ್ನು ಮುರಿಯುವುದು ಖರೀದಿ ಲೆಕ್ಕ. ಕೊಳ್ಳದ ಮಾಲನ್ನು ಯಾರೂ ಮಾರಲು ಆಗುವುದಿಲ್ಲ. ಮಾರಿದ ಬೆಲೆಯಲ್ಲಿ ಕಾಲು ಭಾಗ ಲಾಭ ಎಂದು ಹಿಡಿದರೂ, 8 ಲಕ್ಷ ಮಾರಲು 6 ಲಕ್ಷದ ಮೆಣಸು, ಏಲಕ್ಕಿ, ಕಾಫಿಬೀಜ, ಜೇನು ಬರಬೇಕಿತ್ತು. ಸರಬರಾಜು ಮಾಡಿದವರ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಸೇರಿಸಿದರೂ ತಿಂಗಳಿಗೆ 3 ಲಕ್ಷ ದಾಟುವುದಿಲ್ಲ. ರೋಸ್ಟರ್ ಇದ್ದರೆ ಕರೆಂಟ್ ಬಿಲ್ಲೂ ಸಾಕ್ಷಿ ಹೇಳುತ್ತದೆ: ಹೆಚ್ಚು ಹುರಿದಿದ್ದರೆ ಯೂನಿಟ್ಟೂ ಹೆಚ್ಚಿರಬೇಕು. ಈ ಕಾಗದಗಳು ಅವರ ಕೈಯಲ್ಲಿದ್ದರೆ ಕೋರ್ಟ್ ಮೂಲಕ ತರಿಸಬಹುದು.

ಅಂದಹಾಗೆ, ಸರಕು ಮಾರುವ ವ್ಯಾಪಾರ ವರ್ಷಕ್ಕೆ 40 ಲಕ್ಷ ದಾಟಿದರೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಬೇಕು. ತಿಂಗಳಿಗೆ 8 ಲಕ್ಷ ಎನ್ನುವವರ ಹತ್ತಿರ ನೋಂದಣಿ ಸಂಖ್ಯೆಯೇ ಇಲ್ಲದಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಸುಳ್ಳು ಅಂತ ಗೊತ್ತಾದ ಮೇಲೂ ಎರಡು ತಿಂಗಳು ಅಂಗಡಿ ನಡೆಸಿದೆ. ಸೀಸನ್ ನೋಡೋಣ ಅಂತ. ತೊಂದರೆ ಆಗುತ್ತಾ?

ಆಗಬಹುದು. ನಿಜ ತಿಳಿದ ಮೇಲೂ ಕರಾರನ್ನು ಒಪ್ಪಿದವರ ಹಾಗೆ ನಡೆದುಕೊಂಡರೆ ರದ್ದು ಮಾಡುವ ಹಕ್ಕು ಹೋಗುತ್ತದೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಬಾಯಿಮಾತಲ್ಲೋ ನಡವಳಿಕೆಯಲ್ಲೋ ನೀವು ಒಪ್ಪಿದ್ದರೆ ಕೋರ್ಟ್ ರದ್ದತಿಯನ್ನು ನಿರಾಕರಿಸಬಹುದು. ಎರಡನೇ ಕಂತು ಕಟ್ಟುವುದು, ಹೆಸರು ಬದಲಿಸಿ ಹೊಸ ಬೋರ್ಡ್ ಹಾಕುವುದು, ‘ಸ್ವಲ್ಪ ರೇಟ್ ಕಡಿಮೆ ಮಾಡಿ, ಮುಂದುವರಿಸ್ತೀನಿ’ ಎಂದು ಬರೆಯುವುದು ಇವೆಲ್ಲ ನಿಮ್ಮ ವಿರುದ್ಧ ಎಣಿಕೆಯಾಗುತ್ತವೆ.

ಹಾಗೆಂದು ಮರುದಿನವೇ ಬಾಗಿಲು ಹಾಕಿ ಓಡಬೇಕಾಗಿಲ್ಲ. ಅನುಮಾನ ಬೇರೆ, ತಿಳಿವಳಿಕೆ ಬೇರೆ. ಕಾಗದ ಕೈಗೆ ಬಂದ ದಿನದಿಂದ ಗಡಿಯಾರ ನಡೆಯುತ್ತದೆ. ಮಾಲು ಹಾಳಾಗದಿರಲಿ ಎಂದು ಅಂಗಡಿ ತೆರೆದಿಟ್ಟರೆ, ‘ಹಕ್ಕು ಬಿಟ್ಟುಕೊಡದೆ, ನಷ್ಟ ತಗ್ಗಿಸಲು ಮಾತ್ರ ನಡೆಸುತ್ತಿದ್ದೇನೆ’ ಎಂದು ಬರೆದು ತಿಳಿಸಿ. ಆ ದಿನದಿಂದ ಪ್ರತ್ಯೇಕ ಲೆಕ್ಕ ಇಡಿ.

ರದ್ದು ಮಾಡೋದು ಅಂದ್ರೆ ಕೋರ್ಟಿಗೇ ಹೋಗ್ಬೇಕಾ? ನೋಟಿಸ್ ಕೊಟ್ರೆ ಸಾಲದಾ?

ರದ್ದು ಮಾಡುವುದು ನಿಮ್ಮ ನೋಟಿಸ್. ಎದುರಿನವರು ಒಪ್ಪದಿದ್ದರೆ ಅದು ಸರಿಯೋ ತಪ್ಪೋ ಎಂದು ಹೇಳಿ ಹಣ ವಾಪಸ್ ಕೊಡಿಸುವುದು ಕೋರ್ಟ್. ಕರಾರು ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ, ಪ್ರಸ್ತಾಪವನ್ನು ತಿಳಿಸುವ ರೀತಿಯಲ್ಲೇ ರದ್ದತಿಯನ್ನೂ ತಿಳಿಸಬಹುದು. ಕಾನೂನಿನಲ್ಲಿ ವಾಟ್ಸಾಪ್ ಸಾಕಾದರೂ, ತಲುಪಿದ ದಾಖಲೆ ಸಿಗುವ ಅಂಚೆಯಲ್ಲೂ ಕಳಿಸಿ.

ನೋಟಿಸಿನಲ್ಲಿ ಬೈಗುಳ ಬೇಡ. ಯಾವ ದಿನ, ಯಾವ ಕಾಗದದಲ್ಲಿ, ಏನು ಹೇಳಿದರು. ನಿಜ ಏನು, ಅದು ಯಾವಾಗ, ಹೇಗೆ ತಿಳಿಯಿತು. ಆ ಮಾತನ್ನು ನಂಬಿಯೇ ಸಹಿ ಹಾಕಿದೆ. ಆದ್ದರಿಂದ ಇಂದಿನಿಂದ ಕರಾರು ರದ್ದು. ಅಂಗಡಿ, ಯಂತ್ರ, ದಾಸ್ತಾನು ಹಿಂದಿರುಗಿಸಲು ಸಿದ್ಧ, ಇಂಥ ದಿನದೊಳಗೆ ನನ್ನ ಹಣ ಕೊಡಿ. ಕೊನೆಯ ಮಾತು ಬಹಳ ಮುಖ್ಯ. ತಾನು ಪಡೆದದ್ದನ್ನು ಕೊಡಲು ತಯಾರಿಲ್ಲದವರ ಮಾತನ್ನು ಕೋರ್ಟ್ ಕೇಳುವುದು ಕಷ್ಟ.

ರದ್ದಾದ್ರೆ ನನ್ನ ಪೂರ್ತಿ ಹಣ ವಾಪಸ್ ಬರುತ್ತಾ?

ಎರಡೂ ಕಡೆಯವರು ಮೊದಲಿದ್ದ ಜಾಗಕ್ಕೆ ಹಿಂದಿರುಗಬೇಕು, ಅಷ್ಟೇ. 64ನೇ ಸೆಕ್ಷನ್ ಪ್ರಕಾರ ರದ್ದು ಮಾಡುವವರು ತಮಗೆ ಸಿಕ್ಕ ಲಾಭವನ್ನೂ ಬಿಟ್ಟುಕೊಡಬೇಕು.

ಮಸಾಲೆ ಅಂಗಡಿಯ ಲೆಕ್ಕ ಮಾಡೋಣ. ಬೆಲೆ 24 ಲಕ್ಷ: ಗುಡ್‌ವಿಲ್ 12, ಯಂತ್ರ 7, ದಾಸ್ತಾನು 5. ಬ್ಯಾಂಕ್ ಮೂಲಕ ಕೊಟ್ಟದ್ದು 20 ಲಕ್ಷ, ಉಳಿದ 4 ಲಕ್ಷಕ್ಕೆ ಮುಂದಿನ ತಾರೀಖಿನ ಚೆಕ್. ನಾಲ್ಕು ತಿಂಗಳು ನಡೆಸಿದ್ದಾರೆ. ಎಲ್ಲ ಖರ್ಚು ಕಳೆದು ಉಳಿದ ಲಾಭ 60 ಸಾವಿರ. ದಾಸ್ತಾನು ಈಗ 4.2 ಲಕ್ಷದ್ದು, ಅಂದರೆ 80 ಸಾವಿರ ಕಡಿಮೆ. ಆಗ 20 ಲಕ್ಷದಲ್ಲಿ 1.4 ಲಕ್ಷ ಕಳೆದು 18.6 ಲಕ್ಷ ಬರಬೇಕು, ಚೆಕ್ಕೂ ವಾಪಸ್ ಬರಬೇಕು. ಅದರ ಮೇಲೆ ಕೋರ್ಟ್ ಹೇಳುವ ಬಡ್ಡಿ. ನಾಲ್ಕು ತಿಂಗಳಲ್ಲಿ ಯಂತ್ರ ಸವೆದಿದ್ದಕ್ಕೆ ಎದುರಿನವರು ಏನಾದರೂ ಕೇಳಬಹುದು.

ನಿಜ ತಿಳಿಯುವ ಮುಂಚೆ ಹೊಸ ಬೋರ್ಡ್‌ಗೆ, ಬಣ್ಣಕ್ಕೆ ಹಾಕಿದ 1.2 ಲಕ್ಷ? ಅದು ಹಿಂದಿರುಗಿಸುವ ಲೆಕ್ಕದಲ್ಲಿ ಬರುವುದಿಲ್ಲ, ಮಾರಿದವರ ಕೈಗೆ ಹೋಗಿಲ್ಲವಲ್ಲ. ಸರಿಯಾಗಿ ರದ್ದು ಮಾಡಿದವರಿಗೆ ಪರಿಹಾರ ಕೊಡುವ 75ನೇ ಸೆಕ್ಷನ್ ಅಡಿ ಅದನ್ನು ಬೇರೆಯಾಗಿ ಕೇಳಬೇಕು. ಇಲ್ಲಿ ಮೋಸ ಸಾಬೀತಾದರೆ ದಾರಿ ಸಲೀಸು.

ಉಳಿದ ಹಣಕ್ಕೆ ಕೊಟ್ಟ ಚೆಕ್ ಸ್ಟಾಪ್ ಪೇಮೆಂಟ್ ಮಾಡಿಸಿದ್ರೆ ಸಾಕಾ?

ಸಾಲದು. ಸ್ಟಾಪ್ ಪೇಮೆಂಟ್ ಮಾಡಿಸಿದ ಚೆಕ್ಕಿನ ಮೇಲೂ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಅಡಿ ಚೆಕ್ ಬೌನ್ಸ್ ಕೇಸು ಬರಬಹುದು. ಅಲ್ಲಿ ನಿಮ್ಮ ಮುಖ್ಯ ರಕ್ಷಣೆ: ಕೊಡಬೇಕಾದ ಸಾಲವೇ ಇಲ್ಲ ಎಂದು ತೋರಿಸುವುದು. ಆದ್ದರಿಂದ ಚೆಕ್ ಬ್ಯಾಂಕಿಗೆ ಬೀಳುವ ಮುಂಚೆಯೇ ರದ್ದತಿ ನೋಟಿಸ್ ತಲುಪಿರಲಿ. ಬೌನ್ಸ್ ಆದ ಮೇಲೆ ‘ಮೋಸ ಆಗಿತ್ತು’ ಎಂದರೆ ಕಥೆ ಕಟ್ಟಿದ ಹಾಗೆ ಕಾಣುತ್ತದೆ. ಅವರು ಕಳಿಸುವ ಬೇಡಿಕೆ ನೋಟಿಸಿಗೆ 15 ದಿನದೊಳಗೆ ಉತ್ತರ ಕೊಡುವುದನ್ನು ಮರೆಯಬೇಡಿ.

## ಮನೆಯವರು, ಸಾಲ ಕೊಟ್ಟವರು

ನಮ್ಮ ಅತ್ತೆಗೆ ವಯಸ್ಸಾಗಿದೆ. ಅವರ ಅಣ್ಣನ ಮಗನೇ ಹೋಂಸ್ಟೇ ನೋಡ್ಕೋತಾನೆ. ಏನೋ ಹತ್ತು ವರ್ಷದ ಕರಾರಿಗೆ ಸಹಿ ಹಾಕಿಸ್ಕೊಂಡಿದ್ದಾನೆ. ಸುಳ್ಳೇನೂ ಹೇಳಿಲ್ಲ. ಏನಾದ್ರೂ ಮಾಡಬಹುದಾ?

ಸುಳ್ಳಿಲ್ಲದಿದ್ದರೂ 16ನೇ ಸೆಕ್ಷನ್‌ನ ಅನುಚಿತ ಪ್ರಭಾವ ಇರಬಹುದು. ಇದಕ್ಕೆ ಎರಡು ಮೆಟ್ಟಿಲು. ಮೊದಲನೆಯದು, ಅವನು ಅವರ ಮನಸ್ಸನ್ನು ಆಳುವ ಸ್ಥಾನದಲ್ಲಿದ್ದನೇ? ಎರಡನೆಯದು, ಆ ಸ್ಥಾನವನ್ನು ಬಳಸಿ ನ್ಯಾಯವಲ್ಲದ ಲಾಭ ಪಡೆದನೇ? ಬರೀ ನೆಂಟಸ್ತಿಕೆ ಸಾಲದು, ಬರೀ ವಯಸ್ಸೂ ಸಾಲದು. 1967ರಲ್ಲಿ ವರದಿಯಾದ ಸುಭಾಷ್ ಚಂದ್ರ ದಾಸ್ ಮುಶಿಬ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ.

ನಿಮ್ಮ ಅತ್ತೆಯ ವಿಷಯದಲ್ಲಿ ನಾನು ಕೇಳುವ ಪ್ರಶ್ನೆಗಳು ಹೀಗಿರುತ್ತವೆ. ಬ್ಯಾಂಕ್ ಪಾಸ್‌ಬುಕ್ ಯಾರ ಹತ್ತಿರ ಇದೆ? ಬುಕ್ಕಿಂಗ್ ಹಣ ಯಾರ ಖಾತೆಗೆ ಬರುತ್ತದೆ? ಆಸ್ಪತ್ರೆಗೆ ಕರೆದೊಯ್ಯುವವರು ಯಾರು? ಕರಾರನ್ನು ಅವರಿಗೆ ಓದಿ ಹೇಳಿದ್ದು ಯಾರು? ಬರೆದ ವಕೀಲರು ಯಾರ ಕಡೆಯವರು? ಮಗಳಿಗೆ ಒಂದು ಫೋನ್ ಮಾಡಲು ಅವಕಾಶ ಇತ್ತೇ?

ಆಮೇಲೆ ಕರಾರು. ಹೋಂಸ್ಟೇಯಿಂದ ತಿಂಗಳಿಗೆ ಸುಮಾರು 60 ಸಾವಿರ ಉಳಿಯುತ್ತಿದ್ದು, ಅವರಿಗೆ ಹತ್ತು ವರ್ಷವೂ 15 ಸಾವಿರ ಮಾತ್ರ. ಅವನು ಮೂರು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು, ಅವರು ಬಿಡುವ ಹಾಗಿಲ್ಲ. ಇಂಥದ್ದಿದ್ದರೆ ಓದುವಾಗಲೇ ಅನ್ಯಾಯ ಕಾಣುತ್ತದೆ. ಆಳುವ ಸ್ಥಾನವೂ ಅನ್ಯಾಯವೂ ಕಂಡುಬಂದರೆ, ಪ್ರಭಾವ ಬೀರಿಲ್ಲ ಎಂದು ಸಾಬೀತು ಮಾಡುವ ಹೊರೆ ಅವನ ಮೇಲೆ ಬೀಳುತ್ತದೆ. ‘ಅವರು ತಮ್ಮದೇ ವಕೀಲರನ್ನು ಕೇಳಿ ಸಹಿ ಹಾಕಿದರು’ ಎಂದು ತೋರಿಸಿದರೆ ಅವನು ಗೆಲ್ಲಬಹುದು.

ಇಂಥ ಕರಾರನ್ನು ಕೋರ್ಟ್ ಪೂರ್ತಿ ತೆಗೆದುಹಾಕಬಹುದು. ಅತ್ತೆಗೆ ಅದರಿಂದ ಏನಾದರೂ ಲಾಭ ಸಿಕ್ಕಿದ್ದರೆ, ನ್ಯಾಯ ಕಂಡ ಷರತ್ತು ಹಾಕಿ ತೆಗೆಯಬಹುದು. ಅವನು ರಿಪೇರಿಗೆ ನಿಜವಾಗಿ ಖರ್ಚು ಮಾಡಿದ್ದರೆ ಆ ಹಣ ಕೊಡಬೇಕಾಗಿ ಬಂದೀತು.

ಸಾಲ ಕೊಟ್ಟ ವ್ಯಾಪಾರಿಗೇ ಕಾಫಿ ಕೊಡ್ತೀನಿ ಅಂತ ಕಡಿಮೆ ರೇಟಿಗೆ ಬರೆದುಕೊಟ್ಟೆ. ಆಗ ಹಣ ತುಂಬ ಅರ್ಜೆಂಟ್ ಇತ್ತು. ಇದು ಪ್ರಭಾವ ಅಲ್ವಾ?

ಅರ್ಜೆಂಟ್ ಇತ್ತು ಎಂಬುದೊಂದೇ ಸಾಲದು. ಹಣಕ್ಕೆ ಬಿಗಿ ಇದ್ದಾಗ ಬ್ಯಾಂಕರ್ ಜಾಸ್ತಿ ಬಡ್ಡಿ ಕೇಳಿದರೆ ಅದು ಮಾಮೂಲಿ ವ್ಯಾಪಾರವೇ ಎಂದು 16ನೇ ಸೆಕ್ಷನ್‌ನ ಉದಾಹರಣೆಯೇ ಹೇಳುತ್ತದೆ. ಬೇರೆ ವ್ಯಾಪಾರಿಗೆ ಮಾರುವ ದಾರಿ ನಿಮಗಿತ್ತು ಎಂದರೆ ಕೇಸು ದುರ್ಬಲ.

ವರ್ಷಗಳಿಂದ ಅವರ ಸಾಲದಲ್ಲೇ ಇದ್ದು, ನಿಮ್ಮ ಲೆಕ್ಕವೂ ಅವರ ಪುಸ್ತಕದಲ್ಲೇ ಇದ್ದು, ಹಳೇ ಸಾಲಕ್ಕೇ ಹೊಸ ಕಾಗದ ಬರೆಸಿಕೊಂಡಿದ್ದರೆ ಮಾತು ಬೇರೆ. 19ಎ ಸೆಕ್ಷನ್‌ನ ಉದಾಹರಣೆಯಲ್ಲಿ ಸಾಲ ಕೊಡುವವನೊಬ್ಬ ರೈತನಿಗೆ 100 ರೂಪಾಯಿ ಕೊಟ್ಟು 200ಕ್ಕೆ ಬಾಂಡ್ ಬರೆಸಿಕೊಳ್ಳುತ್ತಾನೆ. ಕೋರ್ಟ್ ಬಾಂಡ್ ತೆಗೆದುಹಾಕಿ, 100 ರೂಪಾಯಿಯನ್ನು ನ್ಯಾಯವಾದ ಬಡ್ಡಿಯೊಂದಿಗೆ ಕೊಡಲು ಹೇಳಬಹುದು. ಸಾಲ ಮಾಫಿ ಆಗುವುದಿಲ್ಲ ಎಂಬುದನ್ನು ಗಮನಿಸಿ.

## ಕೋರ್ಟ್ ಮೆಟ್ಟಿಲಲ್ಲಿ

‘ನಾನೇ ಎಲ್ಲ ಲೆಕ್ಕ ಪರಿಶೀಲಿಸಿದ್ದೇನೆ, ಬೇರೆ ಯಾವ ಮಾತನ್ನೂ ನಂಬಿಲ್ಲ’ ಅಂತ ಕರಾರಲ್ಲಿ ಬರೆದಿದೆ. ಸಹಿ ನಂದೇ. ಮುಗೀತಾ?

ಮುಗಿದಿಲ್ಲ, ಆದರೆ ಏರು ಕಡಿದಾಯಿತು. ಬರಹದ ಕರಾರಿಗೆ ವಿರುದ್ಧವಾಗಿ ಬಾಯಿಮಾತಿನ ಸಾಕ್ಷ್ಯ ನಡೆಯುವುದಿಲ್ಲ ಎಂಬ ನಿಯಮಕ್ಕೆ ಮೋಸವೇ ಮೊದಲ ವಿನಾಯಿತಿ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಇತ್ತು, 2024ರ ಜುಲೈ 1ರಿಂದ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಇಂಥ ಒಂದು ಸಾಲು ಬರೆಸಿಕೊಂಡು ಮೋಸ ಮಾಡಿದವರು ಪಾರಾಗುವುದಿಲ್ಲ. ಪ್ರಾಮಾಣಿಕವಾಗಿ ತಪ್ಪು ಹೇಳಿದವರಿಗೆ ಮಾತ್ರ ಆ ಸಾಲು ಒಳ್ಳೆಯ ಗುರಾಣಿ. ವಾಟ್ಸಾಪ್ ಸಂದೇಶ ಹಾಜರುಪಡಿಸುವಾಗ ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರ ಬೇಕು. ಫೋನ್ ಬದಲಿಸಬೇಡಿ, ಚಾಟ್ ಅಳಿಸಬೇಡಿ.

ನೇರ ಕೇಸು ಹಾಕಬಹುದಾ? ಕರಾರಲ್ಲಿ ಮಧ್ಯಸ್ಥಿಕೆ ಅಂತ ಬೇರೆ ಇದೆ.

ಜಗಳವನ್ನು ಕೋರ್ಟಿನ ಬದಲು ಮಧ್ಯಸ್ಥಗಾರರೇ ತೀರ್ಮಾನಿಸಬೇಕು ಎಂಬ ಷರತ್ತು ಇದ್ದರೆ, ಬರೀ ಮೋಸದ ಆರೋಪ ಮಾಡಿ ಅದನ್ನು ದಾಟಲು ಆಗುವುದಿಲ್ಲ. ಸುಪ್ರೀಂ ಕೋರ್ಟಿನ 2016ರ ಅಯ್ಯಸಾಮಿ ಮತ್ತು 2020ರ ಅವಿಟೆಲ್ ತೀರ್ಪುಗಳ ನಂತರ ಇದು ಸ್ಪಷ್ಟ. ಇಬ್ಬರ ನಡುವಿನ ಲೆಕ್ಕದ ಮೋಸವನ್ನು ಮಧ್ಯಸ್ಥಗಾರರೇ ತೀರ್ಮಾನಿಸುತ್ತಾರೆ. ಆ ಷರತ್ತೇ ಮೋಸದಿಂದ ಬಂದಿದ್ದರೆ, ಉದಾಹರಣೆಗೆ ಸಹಿಯೇ ನಕಲಿಯಾಗಿದ್ದರೆ, ಮಾತು ಬೇರೆ.

ಅಂಥ ಷರತ್ತು ಇಲ್ಲದೆ, ವಾಣಿಜ್ಯ ವ್ಯಾಜ್ಯದ ಮೌಲ್ಯ 3 ಲಕ್ಷ ಅಥವಾ ಹೆಚ್ಚಿದ್ದರೆ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಅನ್ವಯಿಸುತ್ತದೆ. ತುರ್ತು ಮಧ್ಯಂತರ ಆದೇಶ ಬೇಡವಾದರೆ, ದಾವೆಗೆ ಮುಂಚೆ ಕಾನೂನು ಸೇವಾ ಪ್ರಾಧಿಕಾರದ ಮೂಲಕ ರಾಜಿ ಪ್ರಯತ್ನ ಕಡ್ಡಾಯ. ಅದನ್ನು ಬಿಟ್ಟು ಹಾಕಿದ ವಾದಪತ್ರ ತಿರಸ್ಕಾರವಾಗುತ್ತದೆ ಎಂದು 2022ರಲ್ಲಿ ಪಾಟೀಲ್ ಆಟೊಮೇಷನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವಾದಪತ್ರದಲ್ಲಿ ‘ಪ್ರತಿವಾದಿ ಮೋಸ ಮಾಡಿದ್ದಾರೆ’ ಎಂದು ಬರೆದರೆ ಏನೂ ಬರೆದಂತಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 4ನೇ ನಿಯಮ ತಾರೀಖು ಸಹಿತ ವಿವರ ಕೇಳುತ್ತದೆ. ‘ಫೆಬ್ರವರಿ 11ರಂದು ಕಳಿಸಿದ ಶೀಟಿನಲ್ಲಿ ಜೂನ್ ವ್ಯಾಪಾರ 7.6 ಲಕ್ಷ ಎಂದಿತ್ತು, ಅದೇ ತಿಂಗಳ ರಿಟರ್ನ್‌ನಲ್ಲಿ 2.9 ಲಕ್ಷ’ ಹೀಗೆ ಬರೆಯಬೇಕು. ಮೋಸ ಮತ್ತು ಪ್ರಭಾವ ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಬೇಡಿ. ಎರಡಕ್ಕೂ ಸಂಗತಿ ಬೇರೆ.

ಎಷ್ಟು ವರ್ಷದೊಳಗೆ ಕೇಸು ಹಾಕಬೇಕು?

ಮೂರು ವರ್ಷ. ಕಾಲಮಿತಿ ಕಾಯ್ದೆಯ 59ನೇ ಅನುಚ್ಛೇದದ ಪ್ರಕಾರ, ರದ್ದು ಮಾಡುವ ಹಕ್ಕು ಕೊಡುವ ಸಂಗತಿ ನಿಮಗೆ ಮೊದಲು ತಿಳಿದ ದಿನದಿಂದ ಎಣಿಕೆ. ಸಹಿ ಹಾಕಿದ ದಿನದಿಂದ ಅಲ್ಲ. ಆದರೆ ತಿಳಿದದ್ದು ಯಾವಾಗ ಎಂದು ನೀವೇ ತೋರಿಸಬೇಕು. ರಿಟರ್ನ್‌ಗಳು ಮೊದಲ ದಿನದಿಂದ ನಿಮ್ಮ ಇಮೇಲ್‌ನಲ್ಲೇ ಬಿದ್ದಿದ್ದರೆ ‘ಈಗ ತಿಳಿಯಿತು’ ಎನ್ನುವುದು ಕಷ್ಟ.

ನಾನು ಕೊಂಡ ಅಂಗಡಿಗೆ ಬದಲಾಗಿ ಅವರಿಗೆ ನನ್ನ ಜೀಪು, ಸೈಟು ಕೊಟ್ಟಿದ್ದೆ. ಅವರು ಸೈಟನ್ನು ಬೇರೆಯವರಿಗೆ ಮಾರಿಬಿಟ್ಟಿದ್ದಾರೆ. ವಾಪಸ್ ಸಿಗುತ್ತಾ?

ಆ ಮೂರನೆಯವರು ಈ ಜಗಳ ಗೊತ್ತಿಲ್ಲದೆ, ಸರಿಯಾದ ಬೆಲೆ ಕೊಟ್ಟು ಕೊಂಡಿದ್ದರೆ ಸೈಟು ವಾಪಸ್ ಸಿಗುವುದಿಲ್ಲ. ನಿರ್ದಿಷ್ಟ ಪರಿಹಾರ ಕಾಯ್ದೆಯ 27ನೇ ಸೆಕ್ಷನ್ ಅವರನ್ನು ಕಾಪಾಡುತ್ತದೆ. ನಿಮಗೆ ಉಳಿಯುವುದು ಮಾರಿದವರಿಂದ ಹಣ ಕೇಳುವ ದಾರಿ. ಅವರು ಇನ್ನೂ ಮಾರಿಲ್ಲ, ಆದರೆ ಗಿರಾಕಿ ಹುಡುಕುತ್ತಿದ್ದಾರೆ ಎಂದು ಗೊತ್ತಾದರೆ ಅದೇ ನಿಮ್ಮ ತುರ್ತು. ತಡೆಯಾಜ್ಞೆ ಕೇಳಿ ದಾವೆ ಹಾಕಿ. ಕೊಳ್ಳಲು ಬಂದವರಿಗೂ ಒಂದು ನೋಟಿಸ್ ಕೊಡಿ, ಆಮೇಲೆ ಅವರು ಗೊತ್ತಿರಲಿಲ್ಲ ಎನ್ನಲು ಬರುವುದಿಲ್ಲ.

ಪೊಲೀಸ್ ಕಂಪ್ಲೇಂಟ್ ಕೊಟ್ರೆ ಬೇಗ ಆಗಲ್ವಾ?

ವಂಚನೆಯ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್‌ನಲ್ಲಿದೆ. ಮೊದಲಿಂದಲೇ ಮೋಸದ ಉದ್ದೇಶ ಇತ್ತು ಎಂಬುದಕ್ಕೆ ಕಾಗದ ಇದ್ದರೆ ದೂರು ಕೊಡಬಹುದು. ಆದರೆ ಎಫ್‌ಐಆರ್ ಆದ ಮಾತ್ರಕ್ಕೆ ಕರಾರು ರದ್ದಾಗುವುದಿಲ್ಲ, ಮೂರು ವರ್ಷದ ಎಣಿಕೆಯೂ ನಿಲ್ಲುವುದಿಲ್ಲ. ಠಾಣೆಗೆ ಅಲೆದು ಸಿವಿಲ್ ದಾವೆಯ ಗಡುವು ಕಳೆದುಕೊಂಡವರಿಗೆ ಆಮೇಲೆ ಹೇಳಲು ನನ್ನ ಹತ್ತಿರ ಏನೂ ಇರುವುದಿಲ್ಲ.